ಆರು ಬಿಂದಿ, ನಾನೂರು ಸಲ ಎತ್ತಿದ್ದು: 1-2-3 ಯಾಕೆ ಬರಬಾರದು?

ಡೊಂಬಿವಲಿಯಲ್ಲಿ ಸಂಜೆ ಹೊತ್ತು ಗಣಿತದ ಟ್ಯೂಷನ್ ಹೇಳುತ್ತೇನೆ. ಸಂಭವನೀಯತೆ ಪಾಠ ಬಂದಾಗಲೆಲ್ಲ ಒಂದೇ ಜಗಳ. 49ರಲ್ಲಿ 6 ಆರಿಸುವ ಲಾಟರಿಯಲ್ಲಿ 1-2-3-4-5-6 ಬರುವ ಸಾಧ್ಯತೆ ಬೇರೆ ಯಾವುದೇ ಆರರಷ್ಟೇ ಇರುತ್ತದೆ ಅಂದರೆ ಮಕ್ಕಳು ತಲೆ ಆಡಿಸುತ್ತಾರೆ, ನಂಬುವುದಿಲ್ಲ. ದೊಡ್ಡವರು ತಲೆಯನ್ನೂ ಆಡಿಸುವುದಿಲ್ಲ. ಕೆಳಗಿನ ಕ್ಯಾಂಟೀನಿನ ಶೆಟ್ರಂತೂ, "ಮಾಷ್ಟ್ರೇ, ಇಪ್ಪತ್ತು ವರ್ಷದಿಂದ ಫಲಿತಾಂಶ ನೋಡ್ತಾ ಇದ್ದೇನೆ, ಒಂದು ಸಲ ಆದರೂ ಹಾಗೆ ಬಂದದ್ದುಂಟಾ?" ಅಂತ ಬಾಯಿ ಮುಚ್ಚಿಸುತ್ತಿದ್ದರು.

ಸೂತ್ರ ನಿಮಗೆಲ್ಲ ಗೊತ್ತು, ಬರೆಯುವುದಿಲ್ಲ. ಒಟ್ಟು ಜೋಡಣೆ 1,39,83,816. ಈ ಲೆಕ್ಕ ಬೋರ್ಡಿನ ಮೇಲೆ ಹಾಕಿ ಯಾರನ್ನೂ ಒಪ್ಪಿಸಲು ನನಗೆ ಆಗಿಲ್ಲ. ನಿಮಗೆ ಆಗಿದ್ದರೆ ನಮಸ್ಕಾರ.

ಮೊದಲು ತಂಬೋಲಾ ಡಬ್ಬಿಯ ಬಿಲ್ಲೆಗಳಲ್ಲಿ 49 ಇಟ್ಟುಕೊಂಡು ನೂರು ಸಲ ಎತ್ತಿದೆ. ಪೂರ್ತಿ ಭಾನುವಾರ ಹೋಯಿತು. 1ರಿಂದ 6 ಬರಲಿಲ್ಲ. ಶೆಟ್ರು ನಕ್ಕರು. ಅವರ ಖಾಯಂ ಆರು ಸಂಖ್ಯೆಗಳೂ ಬರಲಿಲ್ಲ, ಆದರೆ ಅದು ಲೆಕ್ಕಕ್ಕೆ ಇಲ್ಲವಂತೆ! ಆಟ ಚಿಕ್ಕದು ಮಾಡದೆ ಗತಿಯಿಲ್ಲ ಅಂತ ಆಗ ತಿಳಿಯಿತು. ಕೋಟಿಯಲ್ಲಿ ಒಂದನ್ನು ಕಾಯುತ್ತಾ ಕೂತರೆ ಯಾವುದೂ ಬರುವುದಿಲ್ಲ. ಬಾರದೆ ಇರುವುದರಲ್ಲಿ 1-2-3-4-5-6 ಮಾತ್ರ ಕಣ್ಣಿಗೆ ಹೊಡೆಯುತ್ತದೆ.

6ರಲ್ಲಿ 3 ಮಾಡಿದೆ. ಒಟ್ಟು 20 ಜೋಡಣೆ. ಹುಮ್ಮಸ್ಸಿನಲ್ಲಿ ಶೆಟ್ರ ಹತ್ತಿರ ಐನೂರು ರೂಪಾಯಿ ಪಂಥ ಕಟ್ಟಿದೆ: 40 ಸಲ ಎತ್ತೋಣ, ನನ್ನ 1-2-3 ನಿಮ್ಮ 1-4-6ಕ್ಕಿಂತ ಕಡಿಮೆ ಬಂದರೆ ದುಡ್ಡು ನಿಮ್ಮದು. ನನ್ನದು ಒಂದು ಸಲವೂ ಬರಲಿಲ್ಲ. ಅವರದ್ದು ಮೂರು ಸಲ ಬಂತು. ದುಡ್ಡು ಹೋಯಿತು, ಒಂದು ತಿಂಗಳು ಚಹಾಕ್ಕೆ ಕೂತಲ್ಲೆಲ್ಲ ಅದೇ ಮಾತು. ಮನೆಗೆ ಬಂದು ಲೆಕ್ಕ ಹಾಕಿದರೆ, 40 ಸಲ ಎತ್ತಿದರೆ ಒಂದು ನಿರ್ದಿಷ್ಟ ಜೋಡಣೆ ಸೊನ್ನೆ ಸಲ ಬರುವ ಸಾಧ್ಯತೆ ಸುಮಾರು ಎಂಟರಲ್ಲಿ ಒಂದು. ಹಾಗೆ ಆಗಿದ್ದರಲ್ಲಿ ವಿಶೇಷ ಏನೂ ಇರಲಿಲ್ಲ. ಬರೀ 40 ಸಲ ಎತ್ತುವುದಕ್ಕೆ ದುಡ್ಡು ಕಟ್ಟಿದ್ದು ನನ್ನ ದಡ್ಡತನ.

ಆಮೇಲೆ ಚೀಟಿ ಮಡಚಿ 200 ಸಲ ಎತ್ತಿಸಿದೆ. ಇಲ್ಲಿ ಬೇರೆಯೇ ಎಡವಟ್ಟು. ಪ್ರತಿ ಸಂಖ್ಯೆ ಸುಮಾರು 100 ಸಲ ಬರಬೇಕು, ನಾಲ್ಕೈದು ಆಕಡೆ ಈಕಡೆ, ಹೆಚ್ಚೆಂದರೆ ಹದಿನೈದು. 6 ಬಂದದ್ದು 130ರ ಹತ್ತಿರ. ಬಿಚ್ಚಿ ನೋಡಿದರೆ ಆ ಚೀಟಿ ಒಂದು ಮಡಿಕೆ ಜಾಸ್ತಿ, ದಪ್ಪ. ಮಕ್ಕಳ ಬೆರಳಿಗೆ ಅದೇ ಮೊದಲು ಸಿಗುತ್ತಿತ್ತು. ಎಲ್ಲ ಜೋಡಣೆಗೂ ಸಮಾನ ಸಾಧ್ಯತೆ ಅನ್ನುವುದು ಎತ್ತುವ ವಸ್ತುಗಳು ಕೈಗೆ ಒಂದೇ ತರಹ ಇದ್ದರೆ ಮಾತ್ರ. ಜೋಡಣೆ ಎಣಿಸುವ ಮೊದಲು ಒಂದೊಂದು ಸಂಖ್ಯೆ ಎಷ್ಟು ಸಲ ಬಂತು ಅಂತ ಎಣಿಸಿ. ವಸ್ತು ಕೆಟ್ಟಿದ್ದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಕೈ ಹಿಡಿದದ್ದು ಲೋಕಲ್ ಟ್ರೈನಿನಲ್ಲಿ ಮಾರುವ ಬಿಂದಿ. ಒಂದೇ ಅಳತೆಯ, ಆರು ಬಣ್ಣದ ಪೊಟ್ಟಣ, ಇಪ್ಪತ್ತೋ ಮೂವತ್ತೋ ರೂಪಾಯಿ. ಮನೆಯ ಕೇರಂ ಸೆಟ್ಟಿನಿಂದ ಆರು ಬಿಳಿ ಪಾನು ತೆಗೆದು ಒಂದೊಂದಕ್ಕೆ ಒಂದು ಬಣ್ಣ ಅಂಟಿಸಿದೆ. (ಮೊದಲು ಬಣ್ಣ ಬಳಿದಿದ್ದೆ, ಒಣಗಿದ ಮೇಲೆ ಉಬ್ಬು ಕೈಗೆ ತಾಗಿತು. ಆರು ಪಾನು ಹಾಳು, ಮನೆಯಲ್ಲಿ ಬೈಗುಳ.) ಅಂಚು ಬೆರಳಿಗೆ ಸಿಗದಂತೆ ಅಂಟಿಸಲು ಒಂದು ಉಪಾಯ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಈ ಸಲ ಸಂಖ್ಯೆಯ ಮಾತೇ ಎತ್ತಲಿಲ್ಲ. "ಕೆಂಪು-ಹಳದಿ-ಹಸಿರು ಬರುವುದು ಕಷ್ಟವೋ, ಕೆಂಪು-ನೀಲಿ-ಕಪ್ಪು ಬರುವುದು ಕಷ್ಟವೋ?" ಅಂತ ಶೆಟ್ರನ್ನು ಕೇಳಿದೆ.

"ಎಂತ ಕಷ್ಟ ಮಾಷ್ಟ್ರೇ, ಎರಡೂ ಒಂದೇ ಅಲ್ವಾ?"

ಅದನ್ನು ಅವರ ಕೈಯಲ್ಲೇ ಒಂದು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿದೆ. ನಂತರ ಮೂರು ಸಂಜೆ ಕೂತು ಮಕ್ಕಳು 400 ಸಲ ಎತ್ತಿದರು. ಪ್ರತಿ ಸಲ ಮೂರೂ ಪಾನು ವಾಪಸ್ ಹಾಕಿ, ಚೀಲ ಚೆನ್ನಾಗಿ ಕುಲುಕಿ, ಮುಖ ಆಕಡೆ ತಿರುಗಿಸಿ. ಎಲ್ಲ ಮುಗಿದ ಮೇಲೆ ಮೊದಲೇ ಅಂಟಿಸಿಟ್ಟಿದ್ದ ಲಕೋಟೆ ಒಡೆದೆ. ಒಳಗೆ ಇದ್ದದ್ದು ಇಷ್ಟೇ: ಕೆಂಪು 1, ಹಳದಿ 2, ಹಸಿರು 3, ನೀಲಿ 4, ಬಿಳಿ 5, ಕಪ್ಪು 6.

ಪ್ರತಿ ಜೋಡಣೆ 20 ಸಲದ ಆಸುಪಾಸು ಬರಬೇಕು. 1-2-3 ಬಂದದ್ದು 22 ಸಲ. ಶೆಟ್ರ 1-4-6 ಬಂದದ್ದು 17. ಎಲ್ಲಕ್ಕಿಂತ ಕಡಿಮೆ 12, ಎಲ್ಲಕ್ಕಿಂತ ಜಾಸ್ತಿ 29. ಶೆಟ್ರು ಹಾಳೆ ನೋಡಿದರು, ಸಹಿ ಹಾಕಿದ ಕಾಗದ ನೋಡಿದರು. ಕೆಂಪು ಪಾನಿಗೆ ತಾನು ಒಂದನೆಯದು ಅಂತ ಗೊತ್ತಿಲ್ಲ, ಹಳದಿಗೆ ತಾನು ಅದರ ಪಕ್ಕದ ಮನೆ ಅಂತ ಗೊತ್ತಿಲ್ಲ. ಕ್ರಮ ಇರುವುದು ನಾವು ಬರೆದ ಚೀಟಿಯಲ್ಲಿ, ಚೀಲದಲ್ಲಿ ಅಲ್ಲ.

ಆದರೆ ಅವರು ಸುಮ್ನೆ ಬಿಡುವ ಜನ ಅಲ್ಲ. "ಹಾಗಾದರೆ ಸಾಲಾಗಿ ಬಂದದ್ದು ಕಡಿಮೆ, ಚದುರಿ ಬಂದದ್ದೇ ಜಾಸ್ತಿ ಉಂಟಲ್ಲ?" ಅಂದರು. ನಿಜ. 1-2-3, 2-3-4, 3-4-5, 4-5-6, ಈ ನಾಲ್ಕೂ ಸೇರಿ 79 ಸಲ ಬಂದಿದ್ದವು. ಉಳಿದ 321 ಸಲ ಚದುರಿದ್ದು. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. ಆದರೆ ಸಾಲಾದವು ನಾಲ್ಕೇ ಮನೆ, ಚದುರಿದವು ಹದಿನಾರು ಮನೆ. ಟಿಕೆಟ್ ತೆಗೆಯುವವನು ಹದಿನಾರು ಮನೆಯನ್ನೂ ಕೊಳ್ಳುವುದಿಲ್ಲ, ಒಂದನ್ನು ಕೊಳ್ಳುತ್ತಾನೆ. "ಚದುರಿದ್ದು" ಅನ್ನುವ ಗುಂಪಿಗೆ ಇರುವ ಬಲವನ್ನು ತನ್ನ ಒಂದು ಟಿಕೆಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಎಡವುವುದು ಅಲ್ಲಿ. 20 ಚೌಕ ಬರೆದು, ನಾಲ್ಕಕ್ಕೆ ಗೆರೆ ಎಳೆದು ತೋರಿಸಿದಾಗ ಶೆಟ್ರು ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಐನೂರು ಮಾತ್ರ ವಾಪಸ್ ಬರಲಿಲ್ಲ.

29 ಸಲ ಬಂದದ್ದು ಅದೃಷ್ಟದ್ದು ಅಂತ ಒಬ್ಬ ಹುಡುಗ ಹಟ ಹಿಡಿದ. ಇನ್ನೊಂದು 400 ಎತ್ತಿಸಿದೆ. ಅದು 18ಕ್ಕೆ ಇಳಿಯಿತು, ಹಿಂದೆ 12 ಬಂದದ್ದು 21ಕ್ಕೆ ಏರಿತು.

ನಡುವೆ ಇನ್ನೊಂದು ಆಟವನ್ನೂ ಆಡಿದೆ. ಕ್ಯಾಂಟೀನಿಗೆ ಬಂದ ನಲವತ್ತು ಜನರಿಂದ 49ರಲ್ಲಿ ಇಷ್ಟದ ಆರು ಬರೆಸಿದೆ. ಪಕ್ಕಪಕ್ಕದ ಎರಡು ಸಂಖ್ಯೆ ಬರೆದವರು ಏಳೋ ಎಂಟೋ ಜನ. ನಿಜವಾಗಿ ಎತ್ತಿದಾಗ ಅಂಥ ಜೋಡಿ ಒಂದಾದರೂ ಇರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ. ನಾವು ಬೇಕಂತಲೇ ದೂರ ದೂರ ಹರಡುತ್ತೇವೆ, ಚೀಲ ಹಾಗೆ ಮಾಡುವುದಿಲ್ಲ.

ಇದಾದ ಮೇಲೆ ಶೆಟ್ರು, "ಇನ್ನು 1-2-3-4-5-6 ಟಿಕೆಟ್ಟೇ ತೆಗೆದರಾಯಿತು" ಅಂದರು. ಬೇಡ ಅಂದೆ. 2020ರ ಡಿಸೆಂಬರ್ 1ರಂದು ದಕ್ಷಿಣ ಆಫ್ರಿಕಾದ ಪವರ್‌ಬಾಲ್ ಲಾಟರಿಯಲ್ಲಿ 5, 6, 7, 8, 9 ಬಂದು, ಬೇರೆಯಾಗಿ ಎತ್ತುವ ಆರನೆಯ ಸಂಖ್ಯೆ, ಅಂದರೆ ಪವರ್‌ಬಾಲ್ ಸಂಖ್ಯೆ, 10 ಬಂತು. ಮೋಸ ಅಂತ ಜನ ಗಲಾಟೆ ಮಾಡಿದರು. ಆದರೆ ಅದೇ ಆರನ್ನು ಬರೆದವರು 20 ಜನ ಇದ್ದರು, ದೊಡ್ಡ ಬಹುಮಾನ 20 ಪಾಲಾಯಿತು. ಬರುವ ಸಾಧ್ಯತೆ ಎಲ್ಲಕ್ಕೂ ಒಂದೇ. ಬಂದ ಮೇಲೆ ಎಷ್ಟು ಜನರ ಜೊತೆ ಹಂಚಿಕೊಳ್ಳಬೇಕು ಅನ್ನುವುದು ಒಂದೇ ಅಲ್ಲ. ಬಹುಮಾನ ಹಂಚುವ ಆಟದಲ್ಲಿ ಸಾಲು ಸಂಖ್ಯೆ, ಹುಟ್ಟಿದ ದಿನ ಎರಡೂ ದುಬಾರಿ.

"ಹಾಗಾದರೆ 31ರ ಮೇಲಿನದ್ದು ಬರೆಯಬೇಕೋ?" ಅಂದರು ಶೆಟ್ರು.

"ಬರುವುದು ಅಷ್ಟೇ, ಬಂದರೆ ಪಾಲುದಾರರು ಕಡಿಮೆ."

ಅವರು ಗಲ್ಲಾಪೆಟ್ಟಿಗೆಯಿಂದ ತಮ್ಮ ಹಳೆಯ ಆರು ಸಂಖ್ಯೆಗಳ ಚೀಟಿ ತೆಗೆದು ನೋಡಿದರು. ಮೂರು ಮಕ್ಕಳ ಹುಟ್ಟಿದ ತಾರೀಖು, ಮದುವೆಯ ತಾರೀಖು, ಎಲ್ಲ ಇದ್ದವು. ಮಡಚಿ ವಾಪಸ್ ಒಳಗಿಟ್ಟರು.