ಲೆಡ್ ಕ್ಲೋರೈಡ್ ಬೀಳುತ್ತದೋ ಇಲ್ಲವೋ: ನಾನು ಲೆಕ್ಕ ಹಾಕುವ ರೀತಿ

ಎರಡು ಲವಣದ ದ್ರಾವಣ ಬೆರೆಸಿದರೆ ಪ್ರಕ್ಷೇಪ ಬೀಳುತ್ತದಾ ಅಂತ ಹೇಳಿಕೊಡುವಾಗ ಎಲ್ಲರೂ ಸಿಲ್ವರ್ ಕ್ಲೋರೈಡನ್ನೇ ಹಿಡಿಯುತ್ತಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಅದರ ಕರಗುವಿಕೆಯ ಮಿತಿ ಹೇಳುವ ಸಂಖ್ಯೆ Ksp ಸುಮಾರು 1.8 × 10⁻¹⁰, ಅಂದರೆ ಲೆಕ್ಕ ಹೇಗೆ ಹಾಕಿದರೂ ಬಿಳಿ ಮೋಡ ಬಂದೇ ಬರುತ್ತದೆ, ಲೆಕ್ಕ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ನಾನು ಲೆಡ್ ಕ್ಲೋರೈಡ್ ತಗೊಳ್ಳುತ್ತೇನೆ. 25 ಡಿಗ್ರಿಯಲ್ಲಿ ಅದರ Ksp ಸುಮಾರು 1.7 × 10⁻⁵. ಇಲ್ಲಿ ಒಂದು ಹೆಜ್ಜೆ ಬಿಟ್ಟರೂ ಉತ್ತರವೇ ತಿರುಗಿಬಿಡುತ್ತದೆ.

0.04 ಮೋಲಾರ್ ಲೆಡ್ ನೈಟ್ರೇಟ್ 50 ಮಿ.ಲೀ., ಅಷ್ಟೇ ಸಾಂದ್ರತೆಯ ಸೋಡಿಯಂ ಕ್ಲೋರೈಡ್ 50 ಮಿ.ಲೀ. ಎರಡನ್ನೂ ಬೆರೆಸಬೇಕು ಅಂದುಕೊಳ್ಳಿ. ನಾನು ಮೊದಲು ಬರೆಯುವುದು Ksp ಜೊತೆ ಹೋಲಿಸುವ ಅಯಾನು ಗುಣಲಬ್ಧ Q ಅಲ್ಲ, ಬೆರೆಸಿದ ಮೇಲಿನ ಸಾಂದ್ರತೆ. ಒಟ್ಟು 100 ಮಿ.ಲೀ. ಆಯಿತು, ಹಾಗಾಗಿ ಎರಡೂ ಅರ್ಧಕ್ಕೆ ಇಳಿದು 0.02 ಆದವು. ಆಮೇಲೆ:

```
Q = [Pb²⁺][Cl⁻]²
  = 0.02 × (0.02)²
  = 8 × 10⁻⁶
```

Ksp ಗಿಂತ ಕಡಿಮೆ. ಪ್ರಕ್ಷೇಪ ಇಲ್ಲ. ಬಾಟಲಿ ಮೇಲಿನ 0.04 ಅನ್ನೇ ಹಾಕಿದ್ದರೆ Q 6.4 × 10⁻⁵ ಬರುತ್ತಿತ್ತು, ಬೀಳುತ್ತದೆ ಅಂತ ಧೈರ್ಯವಾಗಿ ಬರೆದುಬಿಡುತ್ತಿದ್ದೆವು. ಮೂರು ಸಾಂದ್ರತೆಗಳ ಗುಣಾಕಾರ ನೋಡಿ, ಪ್ರತಿಯೊಂದೂ ಅರ್ಧವಾದರೆ Q ಎಂಟರಲ್ಲಿ ಒಂದು ಪಾಲಾಗುತ್ತದೆ.

ಇನ್ನೊಂದು ಗೊಂದಲ ಆ ವರ್ಗದ್ದು. ವರ್ಗ ಇದೆಯಲ್ಲ ಅಂತ ಕೆಲವರು ಕ್ಲೋರೈಡನ್ನು ಮೊದಲು ಎರಡರಿಂದ ಗುಣಿಸಿ ಆಮೇಲೆ ವರ್ಗ ಮಾಡುತ್ತಾರೆ. ಬೇಡ. ಸೋಡಿಯಂ ಕ್ಲೋರೈಡ್ ಕೊಡುವುದು ಒಂದೇ ಕ್ಲೋರೈಡ್. ಅದರ ಜಾಗದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ ಮಾತ್ರ ಎರಡರಿಂದ ಗುಣಿಸಬೇಕು, ಅದೂ ಆ ಲವಣದ ಕಾರಣಕ್ಕೆ.

ಈಗ ಎರಡನ್ನೂ 0.2 ಮೋಲಾರ್ ಮಾಡಿ. ಬೆರೆಸಿದ ಮೇಲೆ 0.1, Q 1 × 10⁻³, Ksp ಯ ಸುಮಾರು 60 ಪಟ್ಟು. ಬಿಳಿ ಪ್ರಕ್ಷೇಪ ಬೀಳುತ್ತದೆ, ತಕರಾರೇ ಇಲ್ಲ.

ಮಜಾ ಇರುವುದು ಇವೆರಡರ ನಡುವೆ. 0.1 ಮೋಲಾರ್ ದ್ರಾವಣಗಳನ್ನು ಸಮ ಪ್ರಮಾಣದಲ್ಲಿ ಬೆರೆಸಿದರೆ Q 1.25 × 10⁻⁴, ಅಂದರೆ Ksp ಯ ಏಳು ಪಟ್ಟು. ಪುಸ್ತಕದ ಪ್ರಕಾರ ಬೀಳಲೇಬೇಕು ಅಲ್ವಾ? ನಾನು ಬೆರೆಸಿದಾಗ ಬೀಕರ್ ತಿಳಿಯಾಗಿಯೇ ಇತ್ತು. ಹಿಂದೆ ಕಪ್ಪು ಕಾಗದ ಹಿಡಿದು ನೋಡಿದೆ, ಮಂಜಿನಷ್ಟೂ ಇಲ್ಲ. ಕಾರಣ ಸರಳ. ದ್ರಾವಣದಲ್ಲಿ ಸೋಡಿಯಂ, ನೈಟ್ರೇಟ್ ಎಲ್ಲ ಸೇರಿ ಅಯಾನುಗಳ ಗುಂಪೇ ಇದೆ, ಆ ಗುಂಪಿನ ನಡುವೆ ಲೆಡ್ ಮತ್ತು ಕ್ಲೋರೈಡ್ ತಮ್ಮ ಪೂರ್ತಿ ಸಾಂದ್ರತೆಯಷ್ಟು ಕೆಲಸ ಮಾಡುವುದಿಲ್ಲ. ಅದಕ್ಕೆ ತಿದ್ದುಪಡಿ ಹಾಕಿದರೆ ನನಗೆ Q ಸುಮಾರು 2 × 10⁻⁵ ಕ್ಕೆ ಇಳಿಯಿತು, Ksp ಪಕ್ಕಕ್ಕೇ ಬಂದು ನಿಂತಿತು. ಅದರ ಮೇಲೆ ಒಂದಿಷ್ಟು ಲೆಡ್, ಕ್ಲೋರೈಡ್ ಜೊತೆ ಸೇರಿ PbCl⁺ ಆಗಿ ಕೂತುಬಿಡುತ್ತದೆ, ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ಇಂಥ ದ್ರಾವಣಗಳಲ್ಲಿ Q ಹತ್ತು ಪಟ್ಟಿನ ಒಳಗಿದ್ದರೆ ನಾನು ಕಾಗದದ ಉತ್ತರವನ್ನು ನಂಬಿ ಕೂರುವುದಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ: ದ್ರಾವಣ ಮಿತಿಗಿಂತ ಹೆಚ್ಚು ಲವಣ ಹಿಡಿದುಕೊಂಡು, ಅಂದರೆ ಅತಿಪರ್ಯಾಪ್ತವಾಗಿ, ಸುಮ್ನೆ ಕಾಯುತ್ತಿರಬಹುದು. ಪತ್ತೆ ಹಚ್ಚಲು ಬೀಕರನ್ನು ಐಸ್‌ನಲ್ಲಿ ಇಡುವವರೇ ಜಾಸ್ತಿ. ಇಟ್ಟರೆ ತೆಳ್ಳಗಿನ ಸೂಜಿಯಂಥ ಬಿಳಿ ಹರಳುಗಳು ನಿಧಾನಕ್ಕೆ ತೇಲುತ್ತಾ ಕೆಳಗಿಳಿಯಬಹುದು, ನೋಡಲು ಚೆಂದ. ಆದರೆ ತಣ್ಣಗಾದಾಗ ಲೆಡ್ ಕ್ಲೋರೈಡ್ ಕರಗುವುದೇ ಕಡಿಮೆಯಾಗುತ್ತದೆ, Ksp ಯೇ ಬೇರೆಯಾಯಿತು. 25 ಡಿಗ್ರಿಯ ಪ್ರಶ್ನೆಗೆ ಅದು ಉತ್ತರವಲ್ಲ. ನಾನು ಅದೇ ಉಷ್ಣತೆಯಲ್ಲಿ ಲೆಡ್ ಕ್ಲೋರೈಡಿನ ಒಂದು ಪುಟ್ಟ ಹರಳು ಹಾಕಿ ಮುಚ್ಚಿಡುತ್ತೇನೆ. ಅದು ಬೆಳೆದರೆ ದ್ರಾವಣ ಅತಿಪರ್ಯಾಪ್ತವಾಗಿತ್ತು. ಕರಗಿ ಹೋದರೆ ನಿಜವಾದ Q, Ksp ಗಿಂತ ಕೆಳಗೇ ಇತ್ತು.

ನೀರು ಮಾತ್ರ ಡಿಸ್ಟಿಲ್ಡ್ ಆಗಿರಲಿ. ನಲ್ಲಿ ನೀರಿನಲ್ಲಿ ಲೆಡ್ ನೈಟ್ರೇಟ್ ಕರಗಿಸಿದರೆ ಕ್ಲೋರೈಡ್ ಸೇರಿಸುವ ಮೊದಲೇ ಮಬ್ಬಾಗಬಹುದು. ಅದು ಹೆಚ್ಚಾಗಿ ಕಾರ್ಬೊನೇಟ್ ಅಥವಾ ಸಲ್ಫೇಟ್, ಅವುಗಳ Ksp ತೀರಾ ಕಡಿಮೆ. ಮುಗಿದ ಮೇಲೆ ಬೀಕರನ್ನು ಸಿಂಕಿಗೆ ಸುರಿಯಬೇಡಿ, ಲೆಡ್ ವಿಷ. ತಿಳಿಯಾಗಿ ಕಂಡ ದ್ರಾವಣದಲ್ಲೂ ಅದು ಪೂರ್ತಿ ಇರುತ್ತದೆ, ಲೆಡ್ ತ್ಯಾಜ್ಯದ ಬಾಟಲಿಗೇ ಹಾಕಿ.