ಮೊಟ್ಟೆ ಟ್ರೇ, ಒಂದು ಗಂಟು: ಹೆಲ್ಮೆಟ್ ಜಾಹೀರಾತಿಗೆ 30 ಸೆಕೆಂಡಿನ ಸ್ಕ್ರಿಪ್ಟ್ ಬರೆಯುವ ಬಗೆ

ಮೊಟ್ಟೆ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. 30 ಮೊಟ್ಟೆಯ ಟ್ರೇ ಕೊಂಡವರು ಅದನ್ನು ಸ್ಕೂಟರಿಗೆ ಕಟ್ಟಿಸುವಾಗ ಎಷ್ಟು ಜೋಪಾನ ಮಾಡುತ್ತಾರೆ! ಮೇಲೊಂದು ಖಾಲಿ ಟ್ರೇ ಮುಚ್ಚಿಸಿ, ಸುತ್ತ ಹುರಿ ಬಿಗಿಸುತ್ತಾರೆ. ಅದೇ ಸ್ಕೂಟರಿನ ಕನ್ನಡಿಗೆ ಹೆಲ್ಮೆಟ್ ಸುಮ್ನೆ ನೇತಾಡುತ್ತಿರುತ್ತದೆ. ನಮ್ಮ ಜಾಹೀರಾತು ಇಲ್ಲೇ ಇದೆ.

ಮೊದಲ ಕೆಲಸ, ಹೋಲಿಕೆ ಎಲ್ಲಿಯವರೆಗೆ ಕೂಡುತ್ತದೆ ಎಂದು ನೋಡುವುದು. ಮೊಟ್ಟೆ ಅಂದರೆ ತಲೆ. ಅಷ್ಟಕ್ಕೇ ನಿಂತರೆ ಅದು ಹಳೆಯ ಮಾತು. ಆದರೆ ಟ್ರೇಯ ಮೆತ್ತನೆಯ ರಟ್ಟು ತಾನು ಜಜ್ಜಿಹೋಗಿ ಮೊಟ್ಟೆಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡುತ್ತದೆ. ಹೆಲ್ಮೆಟ್ ಒಳಗಿನ ಥರ್ಮೊಕೋಲ್ ಪದರವೂ ಅದೇ ಕೆಲಸ ಮಾಡುತ್ತದೆ. ಇನ್ನು ಹುರಿ. ಕಟ್ಟದ ಟ್ರೇ ರಸ್ತೆಯ ಮೊದಲ ಉಬ್ಬಿಗೇ ಹಾರುತ್ತದೆ, ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ಕೂಡ ಬಿದ್ದಾಗ ತಲೆಯಿಂದ ಕಳಚಿಕೊಳ್ಳುತ್ತದೆ. ನನಗೆ ಈ ಹೋಲಿಕೆ ಇಷ್ಟವಾಗಿದ್ದು ಈ ಹುರಿಯಿಂದಲೇ. ಹೆಲ್ಮೆಟ್ ಇಟ್ಟುಕೊಂಡು ಪಟ್ಟಿ ಹಾಕದವರು ಎಷ್ಟು ಜನ ಇದ್ದಾರೆ ಅಲ್ವಾ? ಅವರಿಗೂ ಇದು ತಲುಪುತ್ತದೆ.

ಆಮೇಲೆ ಕಾಗದವನ್ನು ಎರಡು ಭಾಗ ಮಾಡಿ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆಯದನ್ನು ಪೂರ್ತಿ ಬರೆದು ಮುಗಿಸಿ, ಬಲಕ್ಕೆ ಆಮೇಲೆ ಬನ್ನಿ. ಮಾತು ಮೊದಲು ಬರೆದರೆ ಚಿತ್ರ ಮಾತಿನ ಹಿಂದೆ ಓಡುತ್ತದೆ. ನನ್ನ ಸ್ಕ್ರಿಪ್ಟ್ ಹೀಗೆ ಬಂತು:

0–5: ಮೊಟ್ಟೆ ಅಂಗಡಿ. ನಿಂತ ಸ್ಕೂಟರಿನ ಹಿಂದಿನ ಸೀಟಿಗೆ ಟ್ರೇ ಬರುತ್ತದೆ. ಕನ್ನಡಿಗೆ ಹೆಲ್ಮೆಟ್ ನೇತಾಡುತ್ತಿದೆ. (ಬೀದಿಯ ಸದ್ದು)
5–10: ಅಂಗಡಿಯವರು ಖಾಲಿ ಟ್ರೇ ಮುಚ್ಚಿ ಹುರಿ ಸುತ್ತುತ್ತಾರೆ. ಸವಾರ: "ಇನ್ನೊಂದು ಸುತ್ತು ಹಾಕಿ ಅಣ್ಣ. ದಾರಿ ಚೆನ್ನಾಗಿಲ್ಲ."
10–13: ಗಂಟು ಬಿಗಿಯುವ ಬೆರಳುಗಳು, ತೀರಾ ಹತ್ತಿರದಿಂದ. (ಹುರಿ ಬಿಗಿಯುವ ಸದ್ದು)
13–18: ಸವಾರ ಬರಿತಲೆಯಲ್ಲಿ ಕೂತು ಕೀ ಹಾಕುತ್ತಾನೆ. ಅಂಗಡಿಯವರು ಅವನ ತಲೆ ನೋಡುತ್ತಾರೆ, ಹೆಲ್ಮೆಟ್ ನೋಡುತ್ತಾರೆ. (ಮಾತಿಲ್ಲ)
18–22: ಹೆಲ್ಮೆಟ್ ತೆಗೆದು ಅವನ ಕೈಗೆ ಕೊಡುತ್ತಾರೆ. "ನೀವೂ ಕಟ್ಕೊಳ್ಳಿ ಸಾರ್. ದಾರಿ ಚೆನ್ನಾಗಿಲ್ಲ."
22–26: ಗದ್ದದ ಕೆಳಗೆ ಪಟ್ಟಿ ಹಾಕುವ ಬೆರಳುಗಳು. ಗಂಟಿನ ಶಾಟ್ ಇದ್ದ ಅಳತೆಯಲ್ಲೇ. (ಟಕ್!)
26–30: ಸವಾರ ಹೊರಡುತ್ತಾನೆ. ಪರದೆ ಮೇಲೆ: "ಹೆಲ್ಮೆಟ್ ಹಾಕಿ. ಪಟ್ಟಿ ಕಟ್ಟಿ."

ಆಡುವ ಮಾತು ಹನ್ನೊಂದೇ ಪದ. 30 ಸೆಕೆಂಡಿಗೆ ಇನ್ನೂ ಜಾಸ್ತಿ ಹಿಡಿಸುತ್ತದೆ ನಿಜ, ಆದರೆ 13ರಿಂದ 18ರವರೆಗಿನ ಮೌನವನ್ನು ಬಿಟ್ಟುಕೊಡಬೇಡಿ. ಅಂಗಡಿಯವರು ಬಾಯಿ ತೆರೆಯುವ ಮೊದಲೇ ನೋಡುವವರಿಗೆ ಹೊಳೆಯಬೇಕು. ಗಡಿಯಾರ ಹಿಡಿದು, ಕೈಯಲ್ಲಿ ನಿಜವಾಗಿ ಹುರಿ ಕಟ್ಟುತ್ತಾ ಓದಿ ನೋಡಿ. ಗಂಟು ಹಾಕಲು ಮೂರು ಸೆಕೆಂಡ್ ಸಾಲದಿದ್ದರೆ ಸುತ್ತುವ ಭಾಗವನ್ನು ಕತ್ತರಿಸಿ, ಗಂಟನ್ನಲ್ಲ. ಗಂಟು ಮತ್ತು ಪಟ್ಟಿಯ ಶಾಟ್‌ಗಳು ಒಂದೇ ದೂರ, ಒಂದೇ ಕೋನ, ಒಂದೇ ಬೆಳಕಿನಲ್ಲಿ ಇರಲಿ. ಇವೆರಡು ಜೋಡಿಯಾಗದಿದ್ದರೆ ಹೋಲಿಕೆಯೇ ಉಳಿಯುವುದಿಲ್ಲ.

ನನ್ನ ಮೊದಲ ಕರಡಿನಲ್ಲಿ ಒಂದು ಮೊಟ್ಟೆ ನಿಧಾನವಾಗಿ ಉರುಳಿ ರಸ್ತೆಗೆ ಬಿದ್ದು ಒಡೆಯುತ್ತಿತ್ತು. ಮನೆಯವರಿಗೆ ಓದಿ ಹೇಳಿ, ಏನು ನೆನಪಿದೆ ಎಂದು ಕೇಳಿದೆ. "ಪಾಪ, ಮೊಟ್ಟೆ ಹಾಳಾಯ್ತು" ಎಂದರು. ತಲೆಯ ಸುದ್ದಿಯೇ ಇಲ್ಲ. ಒಡೆದ ಮೊಟ್ಟೆ ಕಣ್ಣನ್ನೆಲ್ಲ ಎಳೆದುಕೊಂಡಿತ್ತು. ಅದಕ್ಕೇ ಈಗಿನ ಸ್ಕ್ರಿಪ್ಟಿನಲ್ಲಿ ಏನೂ ಒಡೆಯುವುದಿಲ್ಲ. ತೆಂಗಿನಕಾಯಿ, ಕಲ್ಲಂಗಡಿ ಕೂಡ ಸೇರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಎರಡನೆಯ ಹೋಲಿಕೆ ಬಂದ ತಕ್ಷಣ ಹುರಿಯ ಗಂಟು ಮರೆತುಹೋಗುತ್ತದೆ.

ಚಿತ್ರೀಕರಣಕ್ಕೆ ಒಂದು ಎಚ್ಚರ. ಬರಿತಲೆಯ ಶಾಟ್‌ನಲ್ಲಿ ಸ್ಕೂಟರ್ ಕದಲಬಾರದು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ನಟನಿಗೂ ಅನ್ವಯಿಸುತ್ತದೆ, ಪೆಟ್ಟೂ ನಟನನ್ನು ಬಿಡುವುದಿಲ್ಲ. ಹೆಲ್ಮೆಟ್ ಐಎಸ್‌ಐ ಗುರುತಿನದ್ದು, ಕಿವಿ ಮುಚ್ಚುವಂಥದ್ದು ಇರಲಿ. ಅರ್ಧ ಟೊಪ್ಪಿಯಂಥದ್ದನ್ನು ತೋರಿಸಿದರೆ ಜನ ಅದನ್ನೇ ಕೊಳ್ಳುತ್ತಾರೆ.

ಎಡಿಟ್ ಆದ ಮೇಲೆ ಸದ್ದು ತೆಗೆದು, ವಿಷಯ ಗೊತ್ತಿಲ್ಲದ ಮೂವರಿಗೆ ತೋರಿಸಿ. ಮೊಬೈಲಿನಲ್ಲಿ ಎಷ್ಟೋ ಜನ ಸದ್ದಿಲ್ಲದೆಯೇ ನೋಡುತ್ತಾರೆ. "ಮೊಟ್ಟೆ ಅಂಗಡಿ ಜಾಹೀರಾತು" ಎಂದರೆ ಮೌನದ ಐದು ಸೆಕೆಂಡಿಗೆ ವಾಪಸ್ ಹೋಗಿ, ಹೆಲ್ಮೆಟ್ಟನ್ನು ಇನ್ನೂ ಸ್ಪಷ್ಟವಾಗಿ ತೋರಿಸಿ. ನೋಡುತ್ತಿದ್ದವರ ಕೈ ತಾನಾಗೇ ಗದ್ದದ ಹತ್ತಿರ ಹೋದರೆ ಇನ್ನು ಮುಟ್ಟಬೇಡಿ, ಹಾಗೇ ಬಿಡಿ.