ಎಟಿಎಂ ನುಂಗಿದ ಹತ್ತು ಸಾವಿರ ಮತ್ತು ದಿನಕ್ಕೆ ನೂರು ರೂಪಾಯಿ: ನನ್ನ ಅನುಭವ

ಹಣ ಕಟ್ ಆಯಿತು, ನೋಟು ಬರಲಿಲ್ಲ ಎಂದು ನಮ್ಮ ಅಂಗಡಿಗೆ ಬರುವವರು ತಿಂಗಳಿಗೆ ಒಬ್ಬಿಬ್ಬರಾದರೂ ಇರುತ್ತಾರೆ. ನನ್ನದು ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ಆನ್‌ಲೈನ್ ಅರ್ಜಿ, ಜೆರಾಕ್ಸ್, ಆಧಾರ್ ಬೆರಳಚ್ಚು ಒತ್ತಿ ಹಣ ತೆಗೆದುಕೊಡುವ ಸಣ್ಣ ಅಂಗಡಿ. ಹೋದ ಹಣ ವಾಪಸ್ ತರಿಸುವುದು ಎಲ್ಲರಿಗೂ ಗೊತ್ತು. ತಡವಾದ ದಿನಗಳಿಗೆ ದಿನಕ್ಕೆ ₹100ರಂತೆ ಪರಿಹಾರವನ್ನೂ ಪೂರ್ತಿ ತರಿಸಬಹುದು ಎಂದು ನಾನು ಹೇಳಿದಾಗ ಮಾತ್ರ ಯಾರೂ ನಂಬುತ್ತಿರಲಿಲ್ಲ. ಇದೇ ಕೆಲಸ ಮಾಡುವ ನನ್ನ ಗೆಳೆಯನೊಬ್ಬ, "ಅದು ಪೇಪರಲ್ಲಿ ಬರೆಯಲಿಕ್ಕೆ ಇರುವ ರೂಲು ಮಾರಾಯ" ಎಂದು ನಕ್ಕಿದ್ದ. ಅವನಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

2025ರ ಜೂನ್ 6. ಪಕ್ಕದ ತೋಟದ ಅಕ್ಕ ಅಡಿಕೆಗೆ ಮದ್ದು ಬಿಡುವವರಿಗೆ ಕೂಲಿ ಕೊಡಲು ಹತ್ತು ಸಾವಿರ ತೆಗೆಯಲು ಹೋದರು. ಅವರ ಖಾತೆ ಪುತ್ತೂರಿನ ಒಂದು ಬ್ಯಾಂಕಿನಲ್ಲಿದೆ, ಮಿಷಿನ್ ಇಲ್ಲಿನ ಬೇರೆ ಬ್ಯಾಂಕಿನದು. ಗುಡುಗು ಮಳೆ. ಒಳಗೆ ನೋಟು ಎಣಿಸಿದ ಸದ್ದು ಕೇಳಿತಂತೆ, ಆಮೇಲೆ ಪರದೆ ಕಪ್ಪಾಯಿತಂತೆ. ಮೆಸೇಜು ಮಾತ್ರ ಸರಿಯಾಗಿ ಬಂತು, ₹10,000 ಡೆಬಿಟ್. "ಐದು ದಿನದಲ್ಲಿ ತನ್ನಿಂತಾನೇ ಬರ್ತದೆ" ಎಂದು ಯಾರೋ ಹೇಳಿದ್ದಕ್ಕೆ ಅಕ್ಕ ಸುಮ್ನೆ ಕಾದರು. ನನ್ನ ಹತ್ತಿರ ಬಂದಾಗ ಜೂನ್ 16.

ತನ್ನಿಂತಾನೇ ಬರುವುದು ಸುಳ್ಳಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅದೇ ವರ್ಷ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಹಣ ಕಟ್ ಆಗಿ ನೋಟು ಬಾರದಿದ್ದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿ ವಾಪಸ್ ಹಾಕಬೇಕು. ಗ್ರಾಹಕ ದೂರು ಕೊಟ್ಟಿರಬೇಕೆಂದೇನೂ ಇಲ್ಲ. ಐದು ದಿನ ದಾಟಿದರೆ ಪ್ರತಿ ದಿನಕ್ಕೆ ₹100, ಅದನ್ನೂ ಕೇಳದೆಯೇ ಕೊಡಬೇಕು. ಇಲ್ಲಿ ದಿನ ಎಂದರೆ ಕ್ಯಾಲೆಂಡರಿನ ದಿನ. ಭಾನುವಾರ, ಹಬ್ಬ ಎಲ್ಲ ಸೇರಿತು. ಈ ಒಂದು ಮಾತಿನ ಮೇಲೆಯೇ ಕೊನೆಗೆ ಜಗಳ ನಡೆದದ್ದು, ಅದಕ್ಕೆ ಮೊದಲೇ ಹೇಳಿಡುತ್ತೇನೆ.

ನಾನು ನೋಡಿದ ಹಾಗೆ, ಮಿಷಿನ್‌ಗೂ, ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಚ್ ಎಂಬ ಕಂಪ್ಯೂಟರಿಗೂ ಸಂಪರ್ಕ ಇದ್ದು ನೋಟು ಮಾತ್ರ ಸಿಕ್ಕಿಕೊಂಡರೆ ಹಣ ಕೆಲವು ನಿಮಿಷದಲ್ಲಿ, ಹೆಚ್ಚೆಂದರೆ ಮರುದಿನ ಬರುತ್ತದೆ. ಮಿಷಿನ್ನೇ "ನಾನು ಕೊಡಲಿಲ್ಲ, ವಾಪಸ್ ಹಾಕಿ" ಎಂದು ಸಂದೇಶ ಕಳಿಸುತ್ತದೆ. ಕರೆಂಟೋ ನೆಟ್‌ವರ್ಕೋ ನಡುವೆ ಹೋದರೆ ಆ ಸಂದೇಶ ಹೋಗುವುದಿಲ್ಲ. ಆಗ ಮಿಷಿನ್‌ನ ಲಾಗು, ಸ್ವಿಚ್‌ನ ಲೆಕ್ಕ, ಪೆಟ್ಟಿಗೆಯಲ್ಲಿ ಉಳಿದ ನೋಟು ಮೂರನ್ನೂ ಯಾರಾದರೂ ತಾಳೆ ನೋಡಿದ ಮೇಲೆಯೇ ಹಣ ತಿರುಗುವುದು. ಮೂರನೇ ದಿನಕ್ಕೂ ಬಾರದಿದ್ದರೆ ನಾನು ಕಾಯಲು ಹೇಳುವುದಿಲ್ಲ, ದೂರು ಹಾಕಿಸುತ್ತೇನೆ. ಪರಿಹಾರಕ್ಕೆ ದೂರು ಬೇಡ, ನಿಜ. ಆದರೆ ಮುಂದೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗಬೇಕಾದರೆ, ಬ್ಯಾಂಕಿನ ಉತ್ತರಕ್ಕೆ ಕಾಯುವ ಮೂವತ್ತು ದಿನದ ಲೆಕ್ಕ ದೂರಿನ ದಿನದಿಂದ ಶುರು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಂದರೆ ಇದೆ. ಖಾತೆ ಕರ್ನಾಟಕದಲ್ಲಿ, ಎಟಿಎಂ ಕೇರಳದಲ್ಲಿ. ಪುತ್ತೂರಿನ ಶಾಖೆಯವರು "ಮಿಷಿನ್ ನಮ್ಮದಲ್ಲ, ಅಲ್ಲೇ ಕೇಳಿ" ಎಂದರು. ಇಲ್ಲಿನವರು "ಖಾತೆ ನಮ್ಮಲ್ಲಿಲ್ಲ" ಎಂದು ಮಲಯಾಳದಲ್ಲಿ ಹೇಳಿದರು. ಎರಡನೆಯವರು ಹೇಳಿದ್ದು ಸರಿ. ಮಿಷಿನ್ ಯಾರದೇ ಇರಲಿ, ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಇದಕ್ಕೆ ಮೊದಲು ಕುಂಬಳೆ ಕಡೆಯ ಒಬ್ಬರ ಐದು ಸಾವಿರ ಹೀಗೇ ಹೋಯಿತು. ಅವರು ಎಟಿಎಂ ಇದ್ದ ಬ್ಯಾಂಕಿಗೇ ಅಲೆದು ಅಲೆದು, ಕೊನೆಗೆ ಬಸ್ಸಿನ ಖರ್ಚೇ ಜಾಸ್ತಿ ಎಂದು ಬಿಟ್ಟುಬಿಟ್ಟರು.

ದೂರು ಎಲ್ಲಿ ಹಾಕಿದರೆ ಗಟ್ಟಿ ಎಂದು ನಾನು ಬೇರೆ ಬೇರೆ ಕೇಸುಗಳಲ್ಲಿ ಪ್ರಯೋಗ ಮಾಡಿ ನೋಡಿದ್ದೇನೆ. ಫೋನಿನಲ್ಲಿ ಹೇಳಿದರೆ ನಂಬರ್ ಸಿಗುತ್ತದೆ, ಆದರೆ ಅವರು ಏನು ಬರೆದುಕೊಂಡರು ಎನ್ನುವುದು ದೇವರಿಗೇ ಗೊತ್ತು. ಶಾಖೆಯಲ್ಲಿ ಕೊಟ್ಟ ಕಾಗದಕ್ಕೆ ಸೀಲು ಹಾಕಿಸಿಕೊಳ್ಳುವಷ್ಟರಲ್ಲಿ ಅರ್ಧ ದಿನ. ಬ್ಯಾಂಕಿನ ವೆಬ್‌ಸೈಟಿನ ದೂರು ಫಾರಂ ಒಳ್ಳೆಯದು, ನಾವು ಬರೆದದ್ದು ಹಾಗೇ ಉಳಿಯುತ್ತದೆ, ತಾರೀಕೂ ಉಳಿಯುತ್ತದೆ. ಅಕ್ಕನ ದೂರನ್ನು ಅಲ್ಲೇ ಹಾಕಿದೆ. ಮೆಸೇಜಿನಲ್ಲಿದ್ದ ಆರ್‌ಆರ್‌ಎನ್ ಎಂಬ ಹನ್ನೆರಡು ಅಂಕಿಯ ವ್ಯವಹಾರದ ನಂಬರ್, ಮಿಷಿನ್ ಮೇಲೆ ಅಂಟಿಸಿದ ಎಟಿಎಂ ಐಡಿ, ಸಮಯ, ಮೊತ್ತ. ಐಡಿಗಾಗಿ ಸ್ಕೂಟರಿನಲ್ಲಿ ಹೋಗಿ ಸ್ಟಿಕರಿನ ಫೋಟೋ ತೆಗೆದೆ. ಅರ್ಜಿಯ ಕೊನೆಯ ಎರಡು ಸಾಲು ಏನು ಬರೆಯುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹೊಟ್ಟೆಪಾಡು ಅಲ್ವಾ!

ಒಂದು ವಾರದ ಹೊತ್ತಿಗೆ ಉತ್ತರ ಬಂತು: ವ್ಯವಹಾರ ಯಶಸ್ವಿ, ದೂರು ಮುಕ್ತಾಯ. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಗೆಳೆಯನೂ "ಹೇಳಿರಲಿಲ್ವಾ?" ಎಂದ.

ಆದರೆ ಆ ಯಶಸ್ವಿ ಎಂಬ ಮಾತಿಗೆ ಏನು ಆಧಾರ ಎಂದು ಕೇಳಬೇಕು. ಮೊದಲ ಹಂತದಲ್ಲಿ ದೂರು ನೋಡುವವರು ಹೆಚ್ಚಾಗಿ ರೆಸ್ಪಾನ್ಸ್ ಕೋಡ್ ನೋಡಿ ಉತ್ತರ ಬರೆದುಬಿಡುತ್ತಾರೆ. ಅದು 00 ಎಂದಿದ್ದರೆ ಅಕ್ಕನ ಬ್ಯಾಂಕು ಹಣ ಕೊಡಲು ಒಪ್ಪಿಗೆ ಕೊಟ್ಟಿದೆ ಎಂದಷ್ಟೇ ಅರ್ಥ. ನೋಟು ಹೊರಗೆ ಬಂತೋ ಇಲ್ಲವೋ ಎನ್ನುವುದು ಮಿಷಿನ್‌ನ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ಇರುತ್ತದೆ. ಈಜೆ ಎನ್ನುತ್ತಾರೆ. ನೋಟು ಎಣಿಸಿದ್ದು, ಬಾಯಿಗೆ ತಂದದ್ದು, ಗ್ರಾಹಕ ತೆಗೆದದ್ದು, ಒಂದೊಂದಕ್ಕೂ ಅದರಲ್ಲಿ ಬೇರೆ ಸಾಲು. ಎಣಿಸಿದ ಮೇಲೆ ಲಾಗು ನಿಂತು, ಮುಂದಿನ ಸಾಲಿನಲ್ಲಿ ಮಿಷಿನ್ ಮತ್ತೆ ಶುರುವಾದದ್ದು ಕಂಡರೆ ನಮ್ಮ ಕೇಸು ಗೆದ್ದ ಹಾಗೆಯೇ.

ಎರಡನೇ ಪತ್ರದಲ್ಲಿ ಮೂರು ವಿಷಯ ಕೇಳಿದೆ. ಆ ವ್ಯವಹಾರದ ಈಜೆ. ಆ ಸಮಯದ ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಬೇಕು. ಮೂರನೆಯದು, ಜೂನ್ 6ರ ಮೊದಲು ಹಣ ತುಂಬಿಸಿದ ದಿನದಿಂದ ಅದರ ನಂತರ ತುಂಬಿಸಿದ ದಿನದವರೆಗಿನ ನಗದು ಲೆಕ್ಕ. ಈ ಮೂರನೆಯದಕ್ಕೇ ಬೆಲೆ ಜಾಸ್ತಿ. ಹೊರಗೆ ಬಾರದ ನೋಟು ಗಾಳಿಯಲ್ಲಿ ಕರಗುವುದಿಲ್ಲವಲ್ಲ. ರಿಜೆಕ್ಟ್ ಡಬ್ಬಿಯಲ್ಲೋ ದಾರಿಯಲ್ಲೋ ಬಿದ್ದಿರುತ್ತದೆ, ಹಣ ತುಂಬಿಸುವ ಏಜೆನ್ಸಿಯವರು ಮುಂದಿನ ಸಲ ತೆರೆದಾಗ ಎಣಿಕೆಯಲ್ಲಿ ಹೆಚ್ಚು ಬರುತ್ತದೆ. "ಆ ದಿನ ಹೆಚ್ಚುವರಿ ನಗದು ಇರಲಿಲ್ಲ" ಎಂಬ ಉತ್ತರಕ್ಕೆ ಅರ್ಥವಿಲ್ಲ, ಏಕೆಂದರೆ ಆ ದಿನ ಯಾರೂ ಪೆಟ್ಟಿಗೆ ತೆರೆದಿರಲಿಕ್ಕಿಲ್ಲ.

ಜುಲೈ 9ಕ್ಕೆ ಹತ್ತು ಸಾವಿರ ಖಾತೆಗೆ ಬಂತು. ಈಜೆ ನಮ್ಮ ಕೈಗೆ ಬರಲೇ ಇಲ್ಲ. ಕೇಳಿದ್ದಕ್ಕೇ ಕೆಲಸ ಆಗಿತ್ತು.

ಅಕ್ಕ ಒಂದು ಗೊನೆ ಕದಳಿ ಬಾಳೆಹಣ್ಣು ತಂದುಕೊಟ್ಟು "ಇನ್ನು ಸಾಕು ಮಾರಾಯ" ಎಂದರು. ನಾನು ಬಿಡಲಿಲ್ಲ, ಪರಿಹಾರ ಕೇಳಿದೆ. ಸ್ವಲ್ಪ ದಿನ ಕಳೆದು ಬ್ಯಾಂಕು ₹1,500 ಹಾಕಿತು. ಅಲ್ಲಿಗೇ ಸಂತೋಷಪಡಬಹುದಿತ್ತು. ಲೆಕ್ಕ ಹಾಕಿದರೆ ಸರಿಹೊಂದಲಿಲ್ಲ. ಜೂನ್ 6ಕ್ಕೆ ಐದು ಸೇರಿಸಿದರೆ 11. ಅಲ್ಲಿಂದ ಜುಲೈ 9ಕ್ಕೆ 28 ದಿನ, ಅಂದರೆ ₹2,800. ಹದಿನೈದು ದಿನ ಎಲ್ಲಿಂದ ಬಂತು?

ಒಂದು ಸಂಜೆ ಕ್ಯಾಲೆಂಡರ್ ಹಿಡಿದು ಕೂತ ಮೇಲೆ ಸಿಕ್ಕಿತು. ಅವರು ದೂರು ಕೊಟ್ಟ ಜೂನ್ 16ರಿಂದ ಏಳು ಕೆಲಸದ ದಿನ ಎಣಿಸಿದ್ದರು. ಭಾನುವಾರ ಬಿಟ್ಟರೆ ಅದು ಜೂನ್ 24ಕ್ಕೆ ಮುಗಿಯುತ್ತದೆ. 24ರಿಂದ ಜುಲೈ 9ಕ್ಕೆ ಸರಿಯಾಗಿ ಹದಿನೈದು. ದೂರಿನಿಂದ ಏಳು ಕೆಲಸದ ದಿನ ಎನ್ನುವುದು 2011ರ ಹಳೆಯ ನಿಯಮ. ಆಗ ಮೂವತ್ತು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪರಿಹಾರ. 2019ರ ನಂತರ ಎಣಿಕೆ ಶುರುವಾಗುವುದು ವ್ಯವಹಾರದ ದಿನದಿಂದ. ಇದನ್ನು ಪತ್ತೆ ಹಚ್ಚಿದ್ದಕ್ಕೆ ನನಗೆ ನನ್ನ ಮೇಲೆಯೇ ಸ್ವಲ್ಪ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ಬ್ಯಾಂಕಿಗೆ ಬರೆದೆ. "ನಿಯಮದಂತೆ ಪಾವತಿಸಲಾಗಿದೆ" ಎಂದಷ್ಟೇ ಉತ್ತರ. ದೂರಿಗೆ ಮೂವತ್ತು ದಿನ ದಾಟಿತ್ತು, ಉತ್ತರವೂ ಕೈಯಲ್ಲಿತ್ತು. cms.rbi.org.in ತೆರೆದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹಾಕಿದೆ. ಒಂದು ಪೈಸೆ ಖರ್ಚಿಲ್ಲ, ವಕೀಲರು ಬೇಡ. ಕಾಸರಗೋಡಿನದೋ ಪುತ್ತೂರಿನದೋ ಎಂಬ ತಕರಾರೂ ಇಲ್ಲ, ಏಕೆಂದರೆ 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ಕಡೆ ದೂರು. ನಾನು ಉದ್ದ ಬರೆಯಲಿಲ್ಲ. ಮೂರು ತಾರೀಕು, ಒಂದು ಕಳೆಯುವ ಲೆಕ್ಕ, ಬಾಕಿ ₹1,300. ಪಾಸ್‌ಬುಕ್ಕಿನ ಪುಟ, ಮೊದಲ ದೂರಿನ ನಂಬರ್, ಬ್ಯಾಂಕಿನ ಉತ್ತರ ಸೇರಿಸಿದೆ. ಅಲ್ಲಿಂದ ತೀರ್ಪು ಬರುವ ಮೊದಲೇ ಬ್ಯಾಂಕು ಬಾಕಿಯನ್ನು ಹಾಕಿಬಿಟ್ಟಿತು. ಗೆಳೆಯನಿಗೆ ಪಾಸ್‌ಬುಕ್ಕಿನ ಫೋಟೋ ಕಳಿಸಿದೆ. ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ.

ಎಲ್ಲ ಕೇಸೂ ಹೀಗೆ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ಉಪ್ಪಳದ ಒಬ್ಬ ಹುಡುಗ ಮಿಷಿನ್ ತಡ ಮಾಡಿತೆಂದು ಹೊರಟುಬಿಟ್ಟ. ನೋಟು ಆಮೇಲೆ ಬಂತು, ಹಿಂದಿನವರು ತೆಗೆದುಕೊಂಡು ಹೋದರು. ತೆಗೆಯದ ನೋಟನ್ನು ಒಳಕ್ಕೆ ಎಳೆದುಕೊಳ್ಳದ ಮಿಷಿನ್‌ಗಳಿವೆ. ಈಜೆಯಲ್ಲಿ ನೋಟು ತೆಗೆದದ್ದು ದಾಖಲಾಗಿತ್ತು, ಸಿಸಿಟಿವಿಯಲ್ಲಿ ಬೇರೆ ಕೈ ಕಂಡಿತು. ಆಗ ಈ ಐದು ದಿನದ ನಿಯಮ ಉಪಯೋಗಕ್ಕೆ ಬರುವುದಿಲ್ಲ, ಪೊಲೀಸ್ ಠಾಣೆಗೇ ಹೋಗಬೇಕು. ಅದಕ್ಕೇ ನಾನು ಮೊದಲು ಕೇಳುವ ಪ್ರಶ್ನೆ ಇಷ್ಟೇ: ಪರದೆ ಮತ್ತೆ ಮೊದಲಿನ ಹಾಗೆ ಆಗುವವರೆಗೆ ನೀವು ಅಲ್ಲೇ ಇದ್ದಿರಾ?

ನನ್ನ ಕೌಂಟರಿನ ಆಧಾರ್ ವ್ಯವಹಾರಕ್ಕೂ ಐದು ದಿನದ ಗಡುವೇ. ಟೈಮ್ ಔಟ್ ಬಂದರೆ ನಾನು ಮಿನಿ ಸ್ಟೇಟ್‌ಮೆಂಟ್ ನೋಡದೆ ಎರಡನೇ ಸಲ ಬೆರಳು ಒತ್ತಿಸುವುದಿಲ್ಲ. ಎರಡು ಸಲ ಕಟ್ ಆಗಿ, ಒಂದು ಬಂದು ಒಂದು ಬಾರದಿದ್ದರೆ, ಯಾವುದು ಯಾವುದೆಂದು ಬಿಡಿಸುವುದೇ ಒಂದು ತಲೆನೋವು.

ಅಕ್ಕನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಆ ತಿಂಗಳ ಉಚಿತ ವ್ಯವಹಾರ ಮುಗಿದಿತ್ತು, ಹಾಗಾಗಿ ಬಾರದ ಹಣಕ್ಕೂ ₹27 ಚಿಲ್ಲರೆ ಶುಲ್ಕ ಹಿಡಿದಿದ್ದಾರೆ. ₹23 ಮತ್ತು ಅದರ ಮೇಲಿನ ತೆರಿಗೆ. ತಾಂತ್ರಿಕ ಕಾರಣದಿಂದ ವಿಫಲವಾದದ್ದನ್ನು ವ್ಯವಹಾರವೆಂದು ಎಣಿಸಬಾರದು, ಶುಲ್ಕ ಹಿಡಿಯಬಾರದು ಎಂದು 2019ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಅದಕ್ಕೂ ಒಂದು ದೂರು ಹಾಕಿದ್ದೇನೆ. ಅಕ್ಕ ನಗುತ್ತಾರೆ, ಆ ದುಡ್ಡು ಇನ್ನೂ ಬಂದಿಲ್ಲ.